ಬಿಸಿನೀರೊಂದೇ ಸಾಲದು: ಕೈ ತೊಳೆಯುವ ಬಗ್ಗೆ ಸ್ಪಷ್ಟನೆ

“ಬಿಸಿನೀರಿನಲ್ಲಿ ಕೈ ತೊಳೆದರೆ ರೋಗಾಣು ಸಾಯುತ್ತವಂತೆ, ಸೋಪು ಬೇಡವಂತೆ. ನಿಜವೇ?”

ನಿಜವಲ್ಲ. ಕೈ ತಾಳುವಷ್ಟು ಬಿಸಿಗೆ ರೋಗಾಣು ಸಾಯುವುದಿಲ್ಲ. ಅವು ಸಾಯುವಷ್ಟು ಬಿಸಿ ಮಾಡಿದರೆ ಮೊದಲು ನಮ್ಮ ಚರ್ಮವೇ ಸುಡುತ್ತದೆ. ತಣ್ಣೀರಾದರೂ ಸಾಕು, ಆದರೆ ಸೋಪು ಬೇಕೇ ಬೇಕು.

ಎಣ್ಣೆ ಹತ್ತಿದ ಕೈಗೆ ಬರೀ ನೀರು ಸುರಿದು ನೋಡಿ. ನೀರು ಹನಿಹನಿಯಾಗಿ ಜಾರುತ್ತದೆ, ಜಿಡ್ಡು ಅಲ್ಲೇ ಉಳಿಯುತ್ತದೆ. ರೋಗಾಣು ಅಂಟಿಕೊಂಡಿರುವುದು ಇಂಥ ಜಿಡ್ಡಿಗೇ. ಸೋಪು ಅದನ್ನು ಬಿಡಿಸುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ.

ಮೊದಲು ಕೈ ಒದ್ದೆ ಮಾಡಿ ಸೋಪು ಹಚ್ಚಿ. ಅಂಗೈ, ಕೈಯ ಹಿಂಭಾಗ, ಬೆರಳ ಸಂದು ಎಲ್ಲವನ್ನೂ ಉಜ್ಜಿ. ಹೆಚ್ಚಿನವರು ಮರೆಯುವುದು ಹೆಬ್ಬೆರಳು ಮತ್ತು ಉಗುರಿನ ತುದಿಯನ್ನು. ತುತ್ತು ಕಲಸುವುದು ಆ ಬೆರಳುಗಳಿಂದಲೇ ಅಲ್ಲವೇ! ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದು ತಿರುಗಿಸಿ, ಉಗುರನ್ನು ಅಂಗೈಗೆ ತಿಕ್ಕಿ. ಉಜ್ಜುವುದಕ್ಕೇ 20 ಸೆಕೆಂಡ್ ಬೇಕು, ಮನಸ್ಸಿನಲ್ಲಿ ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಿ.

ನಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಚೊಂಬಿನಿಂದ ನೀರು ಸುರಿಯಲಿ. ಎಲ್ಲರೂ ಒಂದೇ ಬಕೆಟ್‌ನಲ್ಲಿ ಕೈ ಅದ್ದಿದರೆ ಒಬ್ಬರ ಕೊಳೆ ಇನ್ನೊಬ್ಬರ ಕೈಗೆ ಬರುತ್ತದೆ. ತೊಳೆದ ಕೈಯನ್ನು ಅಡುಗೆ ಮಾಡುವಾಗಿನ ಸೆರಗಿಗೆ ಒರೆಸಬೇಡಿ, ಒಗೆದ ಬಟ್ಟೆಗೆ ಒರೆಸಿ ಅಥವಾ ಗಾಳಿಗೆ ಆರಲು ಬಿಡಿ.

ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಮಲ ತೊಳೆದ ಮೇಲೆ, ಸಗಣಿ ಮುಟ್ಟಿದ ಮೇಲೆ, ಅಡುಗೆಗೆ ಮೊದಲು, ಊಟಕ್ಕೆ ಮೊದಲು ಮತ್ತು ಮಗುವಿಗೆ ಉಣಿಸುವ ಮೊದಲು ಹೀಗೆಯೇ ತೊಳೆಯಿರಿ. ಬಟ್ಟೆ ಸೋಪಿನ ತುಂಡಾದರೂ ನಡೆಯುತ್ತದೆ.