ಸತ್ಯಾಂಶ: ಇಎಂಡಿಆರ್ ಐದು ನಿಮಿಷದ ಕಣ್ಣಿನ ವ್ಯಾಯಾಮವಲ್ಲ

"ಕಣ್ಣನ್ನು ಎಡಕ್ಕೂ ಬಲಕ್ಕೂ ಐದು ನಿಮಿಷ ಆಡಿಸಿದ್ರೆ ಕೆಟ್ಟ ನೆನಪು ಅಳಿಸಿಹೋಗುತ್ತಂತೆ, ನಿಜವಾ?"

ಇಲ್ಲ. ಇಎಂಡಿಆರ್ ಅಂದರೆ ಕಣ್ಣಿನ ಚಲನೆಯನ್ನು ಬಳಸಿ ಆಘಾತದ ನೆನಪಿಗೆ ಕೊಡುವ ಮಾನಸಿಕ ಚಿಕಿತ್ಸೆ. ನೆನಪು ಅಲ್ಲೇ ಇರುತ್ತದೆ, ಅದರ ಕಾಟ ಕಡಿಮೆಯಾಗಬಹುದು. ಅದೂ ತರಬೇತಿ ಪಡೆದ ಚಿಕಿತ್ಸಕರ ಜೊತೆ, ಹಲವು ಭೇಟಿಗಳಲ್ಲಿ.

ಲಾರಿ ಗುದ್ದಿ ಬೈಕ್ ಅಪಘಾತವಾದ ಒಬ್ಬರನ್ನು ಊಹಿಸಿಕೊಳ್ಳಿ. ಹಾರ್ನ್ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಚಿಕಿತ್ಸಕರು ಮೊದಲು ಅವರ ಹಿನ್ನೆಲೆ ಕೇಳುತ್ತಾರೆ, ಗಾಬರಿಯಾದಾಗ ಸಮಾಧಾನಕ್ಕೆ ಬರುವುದನ್ನು ಕಲಿಸುತ್ತಾರೆ. ಆಮೇಲೇ ಆ ಲಾರಿಯ ದೃಶ್ಯ. "ಈಗ ಸಂಕಟ ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಅಪಘಾತವಾದವರು ಎಂಟು ಅನ್ನುತ್ತಾರೆ. ದೃಶ್ಯವನ್ನು ಮನಸ್ಸಲ್ಲಿಟ್ಟುಕೊಂಡೇ ಚಿಕಿತ್ಸಕರ ಬೆರಳನ್ನು ಅರ್ಧ ನಿಮಿಷದಷ್ಟು ಕಣ್ಣಲ್ಲೇ ಹಿಂಬಾಲಿಸುತ್ತಾರೆ. ನಿಲ್ಲಿಸಿ, ಏನು ಹೊಳೆಯಿತು ಎಂದು ಹೇಳುತ್ತಾರೆ. ಮತ್ತೆ ಶುರು. ಸಂಕಟದ ಅಂಕ ಎಂಟರಿಂದ ಸೊನ್ನೆಯ ಹತ್ತಿರ ಇಳಿಯುವವರೆಗೆ ಇದೇ ಕೆಲಸ.

ಆಘಾತದ ನಂತರದ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಇದು ಫಲ ಕೊಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಆದರೆ ಆಘಾತಕ್ಕೆಂದೇ ಇರುವ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆಯೂ, ಹೆಚ್ಚುಕಡಿಮೆ ಇಷ್ಟೇ ಫಲ ಕೊಡುತ್ತದೆ. ತಮಾಷೆ ಅಂದರೆ, ಕಣ್ಣಾಡಿಸುವುದರಿಂದಲೇ ಎಷ್ಟು ಲಾಭ ಅನ್ನುವುದೇ ತಜ್ಞರಲ್ಲಿ ಇನ್ನೂ ಬಗೆಹರಿದಿಲ್ಲ. ನೆನಪನ್ನು ಧೈರ್ಯವಾಗಿ ಎದುರಿಸುವುದೇ ಮುಖ್ಯ ಅನ್ನುವವರೂ ಇದ್ದಾರೆ.

ಘಟನೆಯನ್ನು ವಿವರವಾಗಿ ಬಾಯಿಬಿಟ್ಟು ಹೇಳಲಾಗದವರಿಗೆ, ಹೋಂವರ್ಕ್ ಬರೆದು ತರುವುದು ಬೇಡ ಅನ್ನುವವರಿಗೆ ಇದು ಹೊಂದಬಹುದು. ಖಿನ್ನತೆ, ಆತಂಕಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಆಗಾಗ ಸುತ್ತಲಿನ ಅರಿವೇ ತಪ್ಪಿಹೋದಂತಾಗುವವರಿಗೆ, ಸಾಯುವ ಯೋಚನೆ ಇರುವವರಿಗೆ ಮೊದಲು ಅದಕ್ಕೇ ಆರೈಕೆ ಬೇಕು. ಅವರು ಸುಮ್ನೆ ವಿಡಿಯೋ ನೋಡಿ ಮಾಡಿಕೊಂಡರೆ, ಕೆದಕಿದ ನೆನಪನ್ನು ತಣ್ಣಗಾಗಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಲ್ವಾ?