“ಇಂಥವರು ಹಾಗೇ”

ಈ ದಿನ ಬೆಳಿಗ್ಗೆ ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ, ಡೌನ್ ಸಿಂಡ್ರೋಮ್ ಇರುವ ನನ್ನ ತಮ್ಮ ಎಷ್ಟು ಕರೆದರೂ ತಿರುಗಿ ನೋಡುತ್ತಿಲ್ಲವೆಂದು ನಾನು ಹೇಳಿ ಮುಗಿಸುವ ಮೊದಲೇ ವೈದ್ಯರು, “ಇಂಥವರು ಹಾಗೇ ಅಲ್ವಾ ಮೇಡಂ” ಎಂದರು. ಕಿವಿಯೊಳಗೆ ಇಣುಕಿಯೂ ನೋಡಲಿಲ್ಲ. ನಾವು ಅಲ್ಲಿಂದ ಎದ್ದು ಕಿವಿ ತಜ್ಞರ ಬಳಿಗೆ ಹೋದೆವು. ಡೌನ್ ಸಿಂಡ್ರೋಮ್ ಇರುವವರ ಕಿವಿಯ ನಾಳ ಕಿರಿದಾಗಿರುವುದರಿಂದ ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆದದ್ದೇ ತಡ, ಹೊರಗಿನ ಬಸ್ಸಿನ ಹಾರ್ನಿಗೆ ಅವನು ಬೆಚ್ಚಿದ.

ಈ “ಇಂಥವರು ಹಾಗೇ” ಎಂಬ ಮಾತಿನ ಮೇಲಿನ ನನ್ನ ಸಿಟ್ಟು ಹೊಸದಲ್ಲ. ಆಲ್ದೂರಿನಿಂದ ಒಬ್ಬನೇ ಬಸ್ಸು ಹತ್ತಿ ಬಂದು ಕಾಫಿ ಪುಡಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ, ಸಂಬಳದ ದಿನ ತಪ್ಪದೆ ಎಣಿಸಿಕೊಳ್ಳುವ ಇಪ್ಪತ್ತಾರರ ಹುಡುಗ, ಕಳೆದ ವರ್ಷ ಬಸ್ಸಿನಲ್ಲೇ ನಿದ್ದೆ ಹೋಗಿ ಇಳಿಯುವ ಜಾಗ ದಾಟತೊಡಗಿದ. ಚರ್ಮ ಒಣಗಿತು, ಮಲಬದ್ಧತೆ ಶುರುವಾಯಿತು, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚಲಿಲ್ಲ. ಆಗಲೂ ಅದೇ ಮಾತು ಕೇಳಿದೆವು. ಹೇಳಿಬಿಡುತ್ತೇನೆ: ಆರು ತಿಂಗಳು ನಾನೂ ಅದನ್ನೇ ನಂಬಿದ್ದೆ, ಸೋಮಾರಿಯೆಂದು ಅವನನ್ನು ಬೈದಿದ್ದೆ.

ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ, ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ, ಸುಮಾರು 4.5ರೊಳಗೆ ಇರಬೇಕಾದ ಟಿಎಸ್‌ಎಚ್ ಎಂಬ ಹಾರ್ಮೋನ್ 48 ಇತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ, ಅಂದರೆ ಇಪ್ಪತ್ತೊಂದನೆಯ ಕ್ರೋಮೋಸೋಮ್ ಎರಡರ ಬದಲು ಮೂರಿರುವವರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವುದು ಸಾಮಾನ್ಯ. ಅದು ಯಾವ ವಯಸ್ಸಿನಲ್ಲಾದರೂ ಆಗಬಹುದು. ಮೈ ಬರುವುದು, ನಿಧಾನವಾಗುವುದು, ಒಣ ಚರ್ಮ ಇವೆಲ್ಲ ಥೈರಾಯ್ಡ್ ಇಳಿದರೂ ಕಾಣುತ್ತವೆ, ಡೌನ್ ಸಿಂಡ್ರೋಮಿನಲ್ಲಿ ಹಾಗೆಯೇ ಕಾಣುವುದೂ ಉಂಟು. ಕಣ್ಣಿಗೆ ವ್ಯತ್ಯಾಸ ತಿಳಿಯದ ಕಾರಣಕ್ಕೇ, ಮಗುವಾಗಿದ್ದಾಗ ಮಾಡಿಸಿದ್ದು ಸಾಕೆನ್ನದೆ, ದೊಡ್ಡವರಾದ ಮೇಲೂ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಈ ಪರೀಕ್ಷೆ ಬೇಕು.

ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯರಿಗೆ ಪುರುಸೊತ್ತೆಲ್ಲಿ ಎಂದು ನೀವು ಕೇಳಬಹುದು. ನಿಜ. ಆದರೆ ಚೀಟಿಯ ಮೇಲೆ ಮೂರಕ್ಷರ ಬರೆಯಲು ಎಷ್ಟು ಹೊತ್ತು ಬೇಕು?

ಥೈರಾಯ್ಡ್ ಮಾತ್ರೆ ಶುರುವಾಗಿ ಆರು ವಾರಗಳ ನಂತರವೂ ಟಿಎಸ್‌ಎಚ್ 19ರಲ್ಲೇ ನಿಂತಿತ್ತು. ಪ್ರಮಾಣ ಹೆಚ್ಚಿಸುವ ಮೊದಲು ಬೇರೊಬ್ಬ ವೈದ್ಯೆ ನನ್ನನ್ನು ಬಿಟ್ಟು ಅವನನ್ನೇ, “ಮಾತ್ರೆ ಹೇಗೆ ತಗೋತೀರಿ?” ಎಂದು ಕೇಳಿದರು. “ಕಾಫಿ ಜೊತೆ” ಎಂದ. ನಮ್ಮ ಮಲೆನಾಡಿನ ಮನೆಯಲ್ಲಿ ಇನ್ನೇನಾದೀತು! ಕಾಫಿ ಆ ಮಾತ್ರೆ ಮೈಗೆ ಹತ್ತುವುದನ್ನು ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು ಎಂದು ಅವರು ಅವನಿಗೇ ವಿವರಿಸಿದರು. ಅವನು ಅಡುಗೆಮನೆಯ ಗೋಡೆಯ ಮೇಲೆ ಎರಡು ಗಡಿಯಾರಗಳ ಚಿತ್ರ ಬರೆದು ಅಂಟಿಸಿಕೊಂಡ. ಪ್ರಮಾಣ ಬದಲಿಸದೆಯೇ ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ 3.8ಕ್ಕೆ ಇಳಿದಿತ್ತು, ಬಸ್ಸಿನಲ್ಲಿ ನಿದ್ದೆಯೂ ನಿಂತಿತು.

ಇವತ್ತು ಮನೆಗೆ ಬಂದ ಮಾವ ಎಂದಿನಂತೆ ನನ್ನನ್ನೇ ಕೇಳಿದರು, “ಇವನಿಗೆ ಮಾತ್ರೆ ನೀನೇ ಕೊಡ್ತೀಯೇನಮ್ಮ?”

ಕಿವಿ ಈಗ ಚೆನ್ನಾಗಿ ಕೇಳುತ್ತಿದೆಯಲ್ಲ, ಒಳಗಿನಿಂದಲೇ ಉತ್ತರ ಬಂತು: “ನಾನೇ ತಗೋತೀನಿ ಮಾವ. ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ.”