“ಆಗಿದ್ದರೆ” ಎಂಬ ಕ್ಷಮಾಪಣೆ

ನಿನ್ನೆ ರಾತ್ರಿ ಒಂಬತ್ತಕ್ಕೆ ಒಂದು ಕಂಪನಿಯ ಕ್ಷಮಾಪಣೆಯ ವಿಡಿಯೊ ಬಂತು. ಅರ್ಧ ತಿಂದ ತಟ್ಟೆಯನ್ನು ಬದಿಗಿಟ್ಟು ನೋಡಿದೆ. ಆಮೇಲೆ ಊಟ ಸೇರಲಿಲ್ಲ. ನನ್ನ ವೃತ್ತಿ ನಿಮಗೆಲ್ಲ ಗೊತ್ತಿದೆ: ಪುಣೆಯಲ್ಲಿ ಕುಳಿತು ಹಿಂದಿ, ಮರಾಠಿ ಜಾಹೀರಾತುಗಳಿಗೆ ಕನ್ನಡದ ಬಾಯಿ ಕೊಡುವುದು. ಟೂತ್‌ಪೇಸ್ಟಿಗೆ, ಟ್ರ್ಯಾಕ್ಟರಿಗೆ, ಒಮ್ಮೆ ಹಾವಿನ ಔಷಧಿಗೂ ಕೊಟ್ಟಿದ್ದೇನೆ. ಈ ವಾರ ಒಂದು ಕ್ಷಮಾಪಣೆಗೆ ಕೊಟ್ಟೆ. ಕೊಟ್ಟದ್ದನ್ನು ಅವರು ಹೇಗೆ ಬಳಸಿದರು ಎಂಬುದೇ ಈ ಸಿಟ್ಟಿಗೆ ಕಾರಣ.

ಕಂಪನಿಯ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಎಲೆಕ್ಟ್ರಿಕ್ ಕೆಟಲ್ ಮಾಡುತ್ತಾರೆ. ಬೆಳಗಾವಿ, ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಗಳಲ್ಲೂ ಅದು ಇದೆ, ಅದಕ್ಕೇ ಕನ್ನಡ ಬೇಕಾದದ್ದು. ಕೆಟಲ್‌ನಲ್ಲಿ ಸಾಮಾನ್ಯವಾಗಿ ಎರಡು ಕಾವಲು ಇರುತ್ತವೆ. ನೀರು ಕುದಿದಾಗ ಹಬೆ ಒಂದು ಸಣ್ಣ ದಾರಿಯಲ್ಲಿ ಸ್ವಿಚ್ಚಿನ ಬಳಿ ಹೋಗಿ, ಎರಡು ಲೋಹ ಬೆಸೆದ ತೆಳು ಬಿಲ್ಲೆಯನ್ನು ಕಾಯಿಸುತ್ತದೆ. ಬಿಲ್ಲೆ ಟಪ್ಪೆಂದು ಬಾಗಿ ಸ್ವಿಚ್ ಆಫ್ ಆಗುತ್ತದೆ. ಮುಚ್ಚಳ ತೆರೆದಿಟ್ಟರೆ ಹಬೆ ಅಲ್ಲಿಗೆ ತಲುಪುವುದಿಲ್ಲ, ಹಾಗಾಗಿ ಅದು ಆಫ್ ಆಗುವುದೂ ಇಲ್ಲ. ಆಗ ನೀರು ಬತ್ತಿ ತಳ ಸುಡತೊಡಗಿದಾಗ ವಿದ್ಯುತ್ತನ್ನು ಕಡಿಯಲೆಂದೇ ತಳದಲ್ಲಿ ಎರಡನೆಯ ಕಾವಲು ಇರುತ್ತದೆ. ಈ ಕಂಪನಿಯ ಒಂದು ಬ್ಯಾಚಿನಲ್ಲಿ ಆ ಎರಡನೆಯದು ಕೆಲಸ ಮಾಡುತ್ತಿಲ್ಲ. ದೂರುಗಳ ಕಡತದಲ್ಲಿ ಒಂದು ಫೋಟೊ ನೋಡಿದೆ: ಪ್ಲೈವುಡ್ ಕಪಾಟಿನ ಮೇಲೆ ಕೆಟಲ್‌ನ ತಳ ಕರಗಿ ಬೆಲ್ಲದ ಪಾಕದ ಹಾಗೆ ಹರಡಿದೆ, ಪಕ್ಕದಲ್ಲಿ ಅವಲಕ್ಕಿಯ ಸ್ಟೀಲ್ ಡಬ್ಬಿ ಒಂದು ಮಗ್ಗುಲು ಕಪ್ಪಾಗಿದೆ. ಕಳಿಸಿದ ಹೆಣ್ಣುಮಗಳು ಕೆಳಗೆ ಬರೆದಿದ್ದಳು: “ನಾನು ಸ್ನಾನಕ್ಕೆ ಹೋಗಿದ್ದೆ, ಐದೇ ನಿಮಿಷ.”

ಇನ್ನು ನನ್ನ ಕೈಗೆ ಬಂದ ಸ್ಕ್ರಿಪ್ಟ್. ಮೊದಲ ಸಾಲು: “ಏಳು ವರ್ಷಗಳ ಹಿಂದೆ ಒಂದು ಪುಟ್ಟ ಗ್ಯಾರೇಜಿನಲ್ಲಿ ನಾನು ಒಂದು ಕನಸು ಕಂಡೆ.” ಅಂಚಿನಲ್ಲಿ ಸೂಚನೆ: ಧ್ವನಿ ತುಸು ನಡುಗಲಿ. ಅಲ್ಲ ಸ್ವಾಮಿ, ಹುಡುಗಿಯ ಕಪಾಟು ಹೊತ್ತಿಕೊಳ್ಳುವುದರಲ್ಲಿತ್ತು, ನಿಮ್ಮ ಗ್ಯಾರೇಜು ಕಟ್ಟಿಕೊಂಡು ಅವಳಿಗೇನು? ಆರನೆಯ ಸಾಲಿಗೆ ಬರುವಾಗ ನಲವತ್ತು ಸೆಕೆಂಡು ಕಳೆದಿರುತ್ತದೆ. ಅಲ್ಲಿ ಕ್ಷಮೆ ಬರುತ್ತದೆ: “ನಮ್ಮ ಉತ್ಪನ್ನದಿಂದ ಕೆಲವು ಗ್ರಾಹಕರಿಗೆ ಅನಾನುಕೂಲವಾಗಿದ್ದರೆ ಅದಕ್ಕಾಗಿ ವಿಷಾದಿಸುತ್ತೇವೆ.” ಅಂಚಿನಲ್ಲಿ: ಎರಡು ಸೆಕೆಂಡು ಮೌನ, ಕಣ್ಣು ಕೆಳಗೆ.

ಆ “ರೆ” ನೋಡಿ. ಒಂದೇ ಅಕ್ಷರ. ಆಗಿದೆ ಎಂದರೆ ಆಗಿದೆ. ಆಗಿದ್ದರೆ ಎಂದರೆ, ಆಗಿದೆಯೋ ಇಲ್ಲವೋ ನಮಗೆ ತಿಳಿಯದು, ನೀವು ಹೇಳುತ್ತೀರಿ, ಇರಲಿ. ಕರಗಿದ ಕೆಟಲ್‌ನ ಫೋಟೊ ಇಟ್ಟುಕೊಂಡವರು ಆಡುವ ಮಾತೇ ಇದು? ಮರಾಠಿ ಆವೃತ್ತಿಯಲ್ಲೂ ಇದೇ ಆಟ: “ಮಾಫಿ” ಇರಲಿಲ್ಲ, “ದಿಲ್‌ಗಿರಿ” ಇತ್ತು. ಇಲ್ಲಿಯ ರಾಜಕಾರಣಿಗಳು ಎಡವಿದಾಗ ಹೆಚ್ಚಾಗಿ ದಿಲ್‌ಗಿರಿಯ ಮೇಲೆಯೇ ನಿಲ್ಲುತ್ತಾರೆ, ಮಾಫಿಯವರೆಗೆ ಬರುವುದು ಕಡಿಮೆ. ನಮ್ಮ ವಿಷಾದವೂ ಅದೇ ಜಾತಿಯದು. ಮಳೆ ಬಾರದಿದ್ದರೂ ವಿಷಾದಿಸಬಹುದು. ಅದಕ್ಕೆ ತಪ್ಪು ಮಾಡಿರಬೇಕಾಗಿಲ್ಲ.

ಒಂದು ಮಾತು ಒಪ್ಪುತ್ತೇನೆ. ಕನ್ನಡದಲ್ಲಿ ತಪ್ಪು ತಾನೇ “ಆಗುತ್ತದೆ”. ಸಣ್ಣವರಿದ್ದಾಗ ಗಲ್ಲ ಬಡಿದುಕೊಂಡು “ತಪ್ಪಾಯಿತು” ಎಂದೇ ನಾವೆಲ್ಲ ಹೇಳಿದ್ದು, “ತಪ್ಪು ಮಾಡಿದೆ” ಎಂದಲ್ಲ. ಆದರೆ ಅಲ್ಲಿ ಕೈ ನಮ್ಮದು, ಗಲ್ಲ ನಮ್ಮದು, ಒಡೆದ ಗಡಿಗೆ ಕಾಲ ಬಳಿಯೇ ಬಿದ್ದಿರುತ್ತಿತ್ತು. ಯಾರು ಮಾಡಿದರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಂಪನಿಗೆ ಗಲ್ಲವಿಲ್ಲ. ಅದಕ್ಕೇ ಕಂಪನಿಯ ವಾಕ್ಯದಲ್ಲಿ “ನಾನು” ಬೇಕು, “ಮಾಡಿದೆ” ಬೇಕು.

ಹಾಗಾಗಿ ಅನುವಾದಿಸುವ ಬದಲು ನಾನೇ ಒಂದು ಸ್ಕ್ರಿಪ್ಟ್ ಬರೆದು ಒಯ್ದೆ. ಯಾರೂ ಕೇಳಿರಲಿಲ್ಲ, ನನ್ನ ಅಧಿಕಪ್ರಸಂಗ. ಒಂದು ನಿಮಿಷದ್ದು, ಹೀಗಿತ್ತು:

“ನಮ್ಮ ಒಂದೂವರೆ ಲೀಟರಿನ ಕೆಟಲ್ ನಿಮ್ಮ ಮನೆಯಲ್ಲಿದ್ದರೆ, ಈಗಲೇ ಪ್ಲಗ್ ಕಿತ್ತಿಡಿ. ಮತ್ತೆ ಹಾಕಬೇಡಿ. ನೀರು ಬತ್ತಿದ ಮೇಲೂ ಕೆಲವು ಕೆಟಲ್‌ಗಳು ಆಫ್ ಆಗುತ್ತಿಲ್ಲ; ತಳ ಕರಗಿ ಬೆಂಕಿ ಹತ್ತಬಹುದು. ನಮಗೆ ಇಂದಿನವರೆಗೆ ಇಷ್ಟು ದೂರುಗಳು ಬಂದಿವೆ. ಮೊದಲನೆಯದು ಬಂದ ದಿನವೇ ಮಾರಾಟ ನಿಲ್ಲಿಸಬೇಕಾಗಿತ್ತು. ನಾನು ನಿಲ್ಲಿಸಲಿಲ್ಲ. ಅದು ನನ್ನ ತಪ್ಪು. ಕ್ಷಮಿಸಿ. ಕೆಟಲ್‌ನ ಅಡಿಯಲ್ಲಿ ಬ್ಯಾಚ್ ಸಂಖ್ಯೆ ಇದೆ, ಇಲ್ಲಿ ನೋಡಿ. ಅದರ ಫೋಟೊ ಕಳಿಸಿದರೆ ಸಾಕು, ಪೂರ್ತಿ ಹಣ ಹಿಂತಿರುಗಿಸುತ್ತೇವೆ. ಬಿಲ್ ಬೇಡ. ಹೀಗೇಕಾಯಿತು ಎಂದು ನಮಗೆ ಇನ್ನೂ ಗೊತ್ತಿಲ್ಲ. ಗೊತ್ತಾದಷ್ಟನ್ನು ಬರುವ ಶುಕ್ರವಾರ ಇಲ್ಲಿಯೇ ಬಂದು ಹೇಳುತ್ತೇನೆ.”

ಇಲ್ಲೂ “ರೆ” ಇದೆ, ಗಮನಿಸಿದಿರಾ? ನಿಮ್ಮ ಮನೆಯಲ್ಲಿದ್ದರೆ, ಫೋಟೊ ಕಳಿಸಿದರೆ. ಅದು ಇರಬೇಕಾದ ಜಾಗ ಅದೇ, ಕೇಳುವವನಿಗೆ ಮುಂದೇನು ಮಾಡಬೇಕೆಂದು ಹೇಳುವಲ್ಲಿ. ಹೇಳುವವನ ತಪ್ಪಿನ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಪ್ಲಗ್ ಕೀಳುವ ಮಾತು ಕ್ಷಮೆಗಿಂತ ಮೊದಲು ಬಂದದ್ದೂ ಬೇಕೆಂದೇ. ಮೊಬೈಲಿನಲ್ಲಿ ಅರ್ಧಕ್ಕೆ ಬಿಟ್ಟು ಹೋಗುವವನ ಕಿವಿಗೆ ಬೀಳಬೇಕಾದ ಮಾತು ಅದೊಂದೇ.

ಅಂಚಿನ ಸೂಚನೆಗಳನ್ನೂ ಬರೆದೆ, ಆದರೆ ನಡುಗುವ ಧ್ವನಿಯದ್ದಲ್ಲ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಕೆಳಗಿನಿಂದ ಹಿಡಿದರೆ ದೊರೆಯ ಹಾಗೆ ಕಾಣುತ್ತಾನೆ, ಮೇಲಿನಿಂದ ಹಿಡಿದರೆ ಕರುಣೆ ಬೇಡುವವನ ಹಾಗೆ. ಹಿಂದೆ ಲೋಗೊ ಬೇಡ, ಪ್ರಶಸ್ತಿ ಫಲಕ ಬೇಡ, ಸಂಗೀತ ಬೇಡವೇ ಬೇಡ. ಒಂದೇ ಶಾಟ್, ನಡುವೆ ಕತ್ತರಿಸಿದರೆ ಏನನ್ನು ಮುಚ್ಚಿದರು ಎಂಬ ಅನುಮಾನ ಬರುತ್ತದೆ. ಬಹಳ ಜನ ಶಬ್ದವಿಲ್ಲದೆ ನೋಡುತ್ತಾರೆ, ಆದ್ದರಿಂದ ಪ್ರತಿ ಮಾತೂ ಪರದೆಯ ಮೇಲೆ ಅಕ್ಷರದಲ್ಲಿ ಬರಲಿ. ಬ್ಯಾಚ್ ಸಂಖ್ಯೆ ಹೇಳುವಾಗ ಕೆಟಲ್ಲನ್ನು ಕೈಯಲ್ಲಿ ಮಗುಚಿ ತೋರಿಸಲಿ. ಓದುವ ಪರದೆ ಲೆನ್ಸಿಗೆ ಅಂಟಿದಂತಿರಲಿ. 2009ರಲ್ಲಿ ಅಡುಗೆಮನೆಯ ಹೊಲಸು ಹೊರಬಿದ್ದಾಗ ಡೊಮಿನೋಸ್‌ನ ಅಮೆರಿಕದ ಮುಖ್ಯಸ್ಥ ಪ್ಯಾಟ್ರಿಕ್ ಡಾಯ್ಲ್ ಯೂಟ್ಯೂಬಿನಲ್ಲಿ ಕ್ಷಮೆ ಕೇಳಿದರು. ಆದರೆ ಅವರ ಕಣ್ಣು ಲೆನ್ಸ್ ಬಿಟ್ಟು ಬೇರೆಲ್ಲೋ ನೋಡುತ್ತಿತ್ತು, ಓದುತ್ತಿದ್ದಾರೆಂದು ಎಲ್ಲರಿಗೂ ತಿಳಿಯಿತು. ಹೇಳಿದ್ದು ಸರಿಯಿದ್ದರೂ ಟೀಕೆ ಕಣ್ಣಿಗೆ ಬಂತು.

ಮಂಗಳವಾರ ಬಾಣೇರಿನ ಸ್ಟುಡಿಯೊದಲ್ಲಿ ಕಂಪನಿಯ ವಕೀಲರು ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಓದಿದರು. “ನನ್ನ ತಪ್ಪು” ಎಂದು ವಿಡಿಯೊದಲ್ಲಿ ಹೇಳಿದರೆ ನಾಳೆ ಗ್ರಾಹಕರ ಆಯೋಗದಲ್ಲಿ ಅದನ್ನೇ ಹಾಕಿ ತೋರಿಸುತ್ತಾರೆ ಎಂದರು. ಅದು ಸುಳ್ಳಲ್ಲ. ಕಾರಣ ತಿಳಿಯುವ ಮೊದಲೇ ಕಾರಣ ಹೇಳಬೇಡಿ ಎಂಬ ಅವರ ಮಾತಿಗೂ ನನ್ನ ಪೂರ್ಣ ಸಮ್ಮತಿಯಿದೆ. ಸ್ಯಾಮ್‌ಸಂಗ್ 2016ರಲ್ಲಿ ನೋಟ್ 7 ಫೋನ್‌ಗಳನ್ನು ವಾಪಸು ಕರೆದು, ಬೇರೆ ಕಂಪನಿಯ ಬ್ಯಾಟರಿ ಹಾಕಿದ ಹೊಸ ಫೋನ್ ಕೊಟ್ಟಿತು, ಅವೂ ಹೊತ್ತಿಕೊಂಡವು. ಎರಡೂ ಬ್ಯಾಟರಿಗಳಲ್ಲಿ ಬೇರೆ ಬೇರೆ ದೋಷವಿತ್ತೆಂದು ಹೇಳಲು ಮರುವರ್ಷದ ಜನವರಿ ಬರಬೇಕಾಯಿತು. ಆದರೆ ಮಾರಾಟ ನಿಲ್ಲಿಸದೆ ಇದ್ದದ್ದಕ್ಕೆ ಯಾವ ಪ್ರಯೋಗಾಲಯದ ವರದಿ ಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರ ಹೊಣೆ ನಿಲ್ಲುವುದು ವಸ್ತುವಿನ ದೋಷದ ಮೇಲೆ. ಕರಗಿದ ತಳ ಯಾರ ತಪ್ಪೊಪ್ಪಿಗೆಗೂ ಕಾಯುವುದಿಲ್ಲ.

ಆಗ ಅವರ ಎರಡನೆಯ ಬಾಣ ಬಂತು: “ಹುಡುಗರು ಅದರಲ್ಲಿ ಹಾಲು ಕಾಯಿಸುತ್ತಾರೆ, ನೂಡಲ್ಸ್ ಬೇಯಿಸುತ್ತಾರೆ, ಮುಚ್ಚಳ ತೆರೆದಿಡುತ್ತಾರೆ.” ಹೌದು, ಬೇಯಿಸುತ್ತಾರೆ. ನಾನೂ ಬೇಯಿಸಿದ್ದೇನೆ. ಇಡೀ ಕರ್ವೆ ರಸ್ತೆಯ ಪೇಯಿಂಗ್ ಗೆಸ್ಟ್‌ಗಳು ಬೇಯಿಸುತ್ತಾರೆ. ಹಾಗೆ ಬೇಯಿಸುತ್ತಾರೆಂದು ನಿಮಗೆ ಗೊತ್ತಿದ್ದರೆ ಕೆಟಲ್‌ನ ಮೇಲೆ ಎಚ್ಚರಿಕೆ ಏಕಿಲ್ಲ? ಎಚ್ಚರಿಕೆ ಇಲ್ಲದಿರುವುದನ್ನೂ ಅದೇ ಕಾಯ್ದೆ ತಯಾರಕರ ಲೆಕ್ಕಕ್ಕೇ ಬರೆಯುತ್ತದೆ. ಮುಚ್ಚಳ ತೆರೆದಿಡುವವನು ಇರುತ್ತಾನೆಂದೇ ಅಲ್ಲವೇ ಎರಡನೆಯ ಕಾವಲನ್ನು ಇಡುವುದು? 2003ರಲ್ಲಿ ಮುಂಬೈಯಲ್ಲಿ ಕ್ಯಾಡ್ಬರಿ ಚಾಕೊಲೇಟಿನಲ್ಲಿ ಹುಳು ಸಿಕ್ಕಾಗಲೂ ಕಂಪನಿ ಮೊದಲು ಅಂಗಡಿಯವರು ಸರಿಯಾಗಿ ಇಡುವುದಿಲ್ಲ ಎಂದಿತ್ತು. ಅಂಗಡಿ ಹೇಗಿರುತ್ತದೆಂದು ಗೊತ್ತಿದ್ದರೆ ಹೊದಿಕೆಯೂ ಹಾಗೆಯೇ ಇರಬೇಕಲ್ಲ? ಕೊನೆಗೆ ಬದಲಾದದ್ದು ಹೊದಿಕೆಯೇ. ಆಮೇಲೆ ಅಮಿತಾಭ್ ಬಚ್ಚನ್ ಬಂದು ಭರವಸೆ ಕೊಟ್ಟರು. ಹೊದಿಕೆ ಬದಲಾಗದೆ ಬಚ್ಚನ್ ಒಬ್ಬರೇ ಬಂದಿದ್ದರೆ ನಗೆಪಾಟಲಾಗುತ್ತಿತ್ತು.

ಇಷ್ಟು ಬೈಯುವ ನಾನೇನು ಸಾಚಾ ಅಲ್ಲ. ಎಂಟು ವರ್ಷಗಳ ಹಿಂದೆ ಒಬ್ಬ ಬಿಲ್ಡರಿಗೆ, ಮನೆ ಕೊಡಲು ಮೂರು ವರ್ಷ ತಡವಾದದ್ದಕ್ಕೆ, “ಅನಾನುಕೂಲವಾಗಿದ್ದರೆ ವಿಷಾದಿಸುತ್ತೇವೆ” ಎಂದು ಬರೆದುಕೊಟ್ಟವನು ನಾನೇ. ನನ್ನ ಚಿಕ್ಕಪ್ಪನ ಮಗ ಅಲ್ಲಿ ಮನೆ ಬುಕ್ ಮಾಡಿದ್ದ. ಆ ಪತ್ರವನ್ನು ಫೋನಿನಲ್ಲಿ ನನಗೇ ಓದಿ ಹೇಳಿ, “ಅಣ್ಣಾ, ಇದನ್ನು ಬರೆದವನು ಬಾಡಿಗೆ ಕಟ್ಟುವವನಲ್ಲ, ಬಿಡು” ಎಂದ. ನಾನು ಹೂಂ ಎಂದೆ. ಬರೆದವನು ಯಾರೆಂದು ಇವತ್ತಿಗೂ ಹೇಳಿಲ್ಲ. ಈಗ ಇಲ್ಲಿ ಓದಿ ತಿಳಿದುಕೊಳ್ಳುತ್ತಾನೆ. ತಪ್ಪಾಯಿತು, ತಮ್ಮಾ. “ಆಗಿದ್ದರೆ” ಅಲ್ಲ.

ಸ್ಟುಡಿಯೊದಲ್ಲಿ ಇನ್ನೊಂದು ನಡೆಯಿತು. ಕಂಪನಿಯ ಯಜಮಾನರು ನಿಪ್ಪಾಣಿ ಕಡೆಯವರು, ಅರ್ಧ ಕನ್ನಡ ಬರುತ್ತದೆ. ನನ್ನ ಹಾಳೆಯನ್ನು ಒಮ್ಮೆ ಓದಿದರು, ಕ್ಯಾಮೆರಾ ಆರಿತ್ತು. “ನಾನು ನಿಲ್ಲಿಸಲಿಲ್ಲ” ಎಂಬಲ್ಲಿ ತಡವರಿಸಿ ಮತ್ತೆ ಅದನ್ನೇ ಓದಿದರು. ಆಮೇಲೆ ನನಗಷ್ಟೇ ಕೇಳುವಂತೆ, “ಗೋದಾಮಿನಲ್ಲಿ ಬಹಳ ಮಾಲು ಇತ್ತು ಸರ್, ದೀಪಾವಳಿ ಮುಂದಿತ್ತು” ಎಂದರು. ಅವರು ಆಡಿದ ನಿಜವಾದ ಮಾತು ಅದೊಂದೇ. ಯಾವ ಸೂಚನೆಯೂ ಇಲ್ಲದೆ ಧ್ವನಿ ನಡುಗಿತ್ತು.

ವಿಡಿಯೊದಲ್ಲಿ ಅದು ಇಲ್ಲ. ಗ್ಯಾರೇಜ್ ಇದೆ, ಕನಸು ಇದೆ, ಹತ್ತನೆಯ ಸೆಕೆಂಡಿನಿಂದ ಪಿಯಾನೊ ಇದೆ. ದೂರುಗಳ ಸಂಖ್ಯೆಗೆಂದು ನಾನು “ಇಷ್ಟು” ಎಂದು ಬಿಟ್ಟಿದ್ದ ಜಾಗದಲ್ಲಿ “ಬೆರಳೆಣಿಕೆಯ” ಎಂದು ತುಂಬಿದ್ದಾರೆ. ಪ್ಲಗ್ ಕಿತ್ತಿಡಿ ಎಂಬ ಮಾತು ಬರುವುದು ಒಂದು ನಿಮಿಷ ಮೂವತ್ತೈದನೆಯ ಸೆಕೆಂಡಿಗೆ, ಅದೂ “ಮುನ್ನೆಚ್ಚರಿಕೆಯಾಗಿ, ಸಾಧ್ಯವಾದರೆ”. ಕೊನೆಯಲ್ಲಿ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್. ಮನೆ ಸುಡಲು ಹೊರಟ ಕೆಟಲ್‌ನ ಬದಲಿಗೆ ಅವರದೇ ಇನ್ನೊಂದು ಕೆಟಲ್, ಶೇಕಡ 20 ಅಗ್ಗವಾಗಿ!

ನನ್ನ ಬಿಲ್ ಇವತ್ತು ಬೆಳಿಗ್ಗೆ ಕಳಿಸಿದೆ. ಮರುಕ್ಷಣವೇ ತಾನಾಗಿ ಉತ್ತರ ಬಂತು: “ಪಾವತಿಯಲ್ಲಿ ವಿಳಂಬವಾಗಿದ್ದರೆ ವಿಷಾದಿಸುತ್ತೇವೆ.”